ಕಾಫಿ ಜೊತೆಗೊಂದು ಬೀಪಿ

ಅಂಬುಜಮ್ಮನವರಿಗೆ ಈಗ ಬೀಪಿ. ಮೂವತ್ತೊಂದು ವರ್ಷ ಊರೂರು ಸುತ್ತಿ, ಎಂಥೆಂಥವರ ತೋಳಿಗೋ ಪಟ್ಟಿ ಸುತ್ತಿ, ಉಪ್ಪು ಕಮ್ಮಿ ಮಾಡಿ ಎಂದು ಗದರಿಸಿದ ನರ್ಸಮ್ಮನಿಗೆ ನಿವೃತ್ತಿಯಾದ ಮೂರನೇ ವರ್ಷಕ್ಕೇ ಅದು ಬಂದು ಕೂತಿತು. ಉಪ್ಪಿನಕಾಯಿ ಜಾಡಿಯನ್ನು ಮಾತ್ರ ಅವರು ಇವತ್ತಿಗೂ ಬಿಟ್ಟಿಲ್ಲ. ಯಾರಾದರೂ ಆ ವಿಷಯ ಎತ್ತಿದರೆ ಮಾತನ್ನು ಬೇರೆ ಕಡೆ ತಿರುಗಿಸುತ್ತಾರೆ. ಮಗಳು ರಮ್ಯಾ ಚನ್ನಪಟ್ಟಣದ ಮನೆಗೆ ಒಂದು ಬೀಪಿ ಮಿಷನ್ನು ತಂದುಕೊಟ್ಟಿದ್ದಾಳೆ. ತಂದ ದಿನವೇ ಅಮ್ಮನ ಫೋನಿಗೆ ಅದರ ಆ್ಯಪ್ ಹಾಕಿ, ಎರಡನ್ನೂ ಎರಡೇ ನಿಮಿಷದಲ್ಲಿ ಜೋಡಿಸಿಬಿಟ್ಟಳು. ಅಂದಿನಿಂದ ಪಟ್ಟಿ ಕಟ್ಟಿಕೊಂಡು ಗುಂಡಿ ಒತ್ತಿದರೆ ಸಾಕು, ಪಕ್ಕದಲ್ಲಿರುವ ಫೋನು ತಾನೇ ಮಿಷನ್ನಿನ ಗುರುತು ಹಿಡಿದು ಅಂಕಿಗಳನ್ನು ತೆಗೆದುಕೊಳ್ಳುತ್ತದೆ.

ಹಾಗೆ ಗುರುತು ಹಿಡಿದಾಗ ಫೋನಿನ ಪರದೆಯ ಮೇಲೆ ‘ಕನೆಕ್ಟೆಡ್’ ಎಂದು ಮೂಡುತ್ತದೆ. ಆ ಪದ ಕಂಡಾಗಲೆಲ್ಲ ಅಂಬುಜಮ್ಮನವರ ಮನಸ್ಸು ಚನ್ನಪಟ್ಟಣ ಬಿಟ್ಟು ಕೂಟಗಲ್ಲಿನ ಕಡೆ ಹೊರಟುಬಿಡುತ್ತದೆ. ಮನಸ್ಸು ಹೊರಟರೆ ಹೊರಟಿತು, ಅದನ್ನು ಹಿಡಿದು ನಿಲ್ಲಿಸುವವರಾರು?

ಅದು ಎರಡು ಸಾವಿರದ ಒಂಬತ್ತರ ಮಾತು. ರಾಮನಗರ ಜಿಲ್ಲೆಯಾಗಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಬಿಡದಿ ಕಡೆ ಫ್ಯಾಕ್ಟರಿಯ ಪಕ್ಕ ಫ್ಯಾಕ್ಟರಿ ಏಳುತ್ತಿತ್ತು. ಬೆಳಗ್ಗೆ ಆರಕ್ಕೆಲ್ಲ ಗಾರ್ಮೆಂಟ್ಸ್ ಬಸ್ಸುಗಳು ಹಳ್ಳಿಗಳಿಗೆ ನುಗ್ಗಿ, ತಲೆಗೆ ಹೂ ಮುಡಿದ ಹುಡುಗಿಯರನ್ನು ತುಂಬಿಕೊಂಡು ಹೋಗುತ್ತಿದ್ದವು. ಕೂಟಗಲ್ಲಿನ ಉಪಕೇಂದ್ರದಲ್ಲಿದ್ದ ಅಂಬುಜಮ್ಮ ತಮ್ಮ ಹಳೆಯ ಮೊಪೆಡ್ಡಿನ ಮೇಲೆ, ಮುಂದೆ ಲಸಿಕೆ ಡಬ್ಬ, ಹಿಂದೆ ಪಾದರಸದ ಬೀಪಿ ಪೆಟ್ಟಿಗೆ ಕಟ್ಟಿಕೊಂಡು, ರೇಷ್ಮೆ ಗೂಡು ಬೇಯಿಸುವ ವಾಸನೆಯಲ್ಲೇ ದಿನ ಕಳೆಯುತ್ತಿದ್ದರು. ಆಗ ಮೂಗು ಮುಚ್ಚಿಕೊಳ್ಳುತ್ತಿದ್ದ ಆ ವಾಸನೆ ಈಗ ಎಲ್ಲಾದರೂ ಗಾಳಿಯಲ್ಲಿ ತೇಲಿಬಂದರೆ ಅವರ ಕಣ್ಣು ತುಂಬುತ್ತದೆ. ಮನುಷ್ಯರ ಮೂಗಿಗೂ ವಯಸ್ಸಾಗುತ್ತದೇನೋ.

ಆ ವರ್ಷ ಬೆಂಗಳೂರಿನ ಒಂದು ಆಸ್ಪತ್ರೆಯೂ ಒಂದು ಸಾಫ್ಟ್‌ವೇರ್ ಕಂಪನಿಯೂ ಸೇರಿ ಹಳ್ಳಿಯ ಬಸುರಿಯರಿಗೆಂದು ಒಂದು ಹೊಸ ಪ್ರಯೋಗ ಹೂಡಿದವು. ಬೀಪಿ ಏರುವ ಲಕ್ಷಣವಿದ್ದ ಹನ್ನೆರಡು ಹೆಣ್ಣುಮಕ್ಕಳನ್ನು ಆರಿಸಿ, ಒಬ್ಬೊಬ್ಬರ ಮನೆಗೂ ಒಂದು ಬ್ಲೂಟೂತ್ ಬೀಪಿ ಮಿಷನ್ನು, ಒಂದು ಗುಂಡಿ ಫೋನು ಕೊಟ್ಟರು. ಈಗ ನಾವು ಆ್ಯಪ್ ಎಂದು ಮೊಟಕು ಮಾಡಿರುವುದನ್ನು ಆಗ ಅಪ್ಲಿಕೇಶನ್ ಎಂದು ಪೂರ್ತಿ ಹೆಸರಿಟ್ಟು ಮರ್ಯಾದೆಯಿಂದ ಕರೆಯುತ್ತಿದ್ದರು. ಆ ಫೋನಿನಲ್ಲಿ ಅಂಥದೊಂದು ಅಪ್ಲಿಕೇಶನ್ ಇತ್ತು. ಹನ್ನೆರಡು ಮಂದಿಯಲ್ಲಿ ಒಬ್ಬಳು ನಯನ. ಕುರಿ ಸಾಕುವ ಲಕ್ಕಯ್ಯನ ಮಗಳು. ಬಿಡದಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಸಿದ್ದರಾಮುವಿನ ಹೆಂಡತಿ. ತಾನೂ ಆರನೇ ತಿಂಗಳವರೆಗೆ ಗಾರ್ಮೆಂಟ್ಸಿಗೆ ಹೋಗಿ, ಚೊಚ್ಚಲ ಹೆರಿಗೆಗೆಂದು ತೌರಿಗೆ ಬಂದಿದ್ದಳು.

ಮಿಷನ್ನು ಹೊಂದಿಸಲು ಕಂಪನಿಯಿಂದ ಬಾಲರಾಜು ಎಂಬ ಇಂಜಿನಿಯರು ಬೈಕಿನಲ್ಲಿ ಬಂದ. ಮಾಗಡಿ ಕಡೆಯವನು, ಒಳ್ಳೆಯ ಹುಡುಗ, ಆದರೆ ಮಿಷನ್ನಿನ ಬಗ್ಗೆ ಮಾತು ಶುರು ಮಾಡಿದರೆ ನಿಲ್ಲಿಸುವವನಲ್ಲ. ಲಕ್ಕಯ್ಯನ ಜಗಲಿಯ ಮೇಲೆ ಕೂತು ಫೋನಿನ ಬ್ಲೂಟೂತ್ ಆನ್ ಮಾಡಿದ. ಮಿಷನ್ನಿನ ಗುಂಡಿಯನ್ನು ಒತ್ತಿ ಹಿಡಿದು, ಅದು ತನ್ನ ಹೆಸರನ್ನು ಹೊರಗೆ ಹೇಳುವಂತೆ ಮಾಡಿದ. ಫೋನು ಹುಡುಕಿ ಒಂದು ಪಟ್ಟಿ ತೋರಿಸಿತು. ಪಟ್ಟಿಯ ಮೊದಲಲ್ಲೇ ‘ವಜೀರಾ ಕಿಂಗ್’ ಎಂದಿತ್ತು.

“ಇದ್ಯಾರ್ ಸಾರ್ ಕಿಂಗು?” ಎಂದಳು ನಯನ.

“ಅದು ನಿಮ್ ಪಕ್ಕದ್ಮನೆ ಹುಡುಗನ ಫೋನಿರ್ಬೇಕು. ಅವನೂ ಬ್ಲೂಟೂತ್ ಆನ್ ಮಾಡ್ಕೊಂಡವ್ನೆ. ಮೂವತ್ತಡಿ ಒಳಗೆ ಯಾರ್ ಇದ್ರೂ ಕಾಣ್ತಾರೆ. ನಮ್ದು ಇದು, ಕೆಳಗಡೆ ಇರೋದು,” ಎಂದು ಬಾಲರಾಜು ಮಿಷನ್ನಿನ ಹೆಸರನ್ನು ಆರಿಸಿದ. ಫೋನು ಒಂದು ಗುಪ್ತ ಸಂಖ್ಯೆ ಕೇಳಿತು. ಮಿಷನ್ನಿನ ಪುಸ್ತಕದಲ್ಲಿ ಅಚ್ಚಾಗಿದ್ದ ಸಂಖ್ಯೆಯನ್ನು ಒತ್ತಿದ. ಎರಡೂ ಜೋಡಿಯಾದವು. ಆಮೇಲೆ ಫೋನಿನ ಒಳಗಡೆ ಎಲ್ಲಿಗೋ ಹೋಗಿ, ಈ ಮಿಷನ್ನು ಬಂದರೆ ಪ್ರತಿಸಲ ನನ್ನನ್ನು ಕೇಳಬೇಡ, ಸುಮ್ಮನೆ ಒಳಗೆ ಬಿಟ್ಟುಕೋ ಎಂದು ಒಪ್ಪಿಗೆ ಕೊಟ್ಟಿಟ್ಟ. ಫೋನು ಆನ್ ಆದ ಕೂಡಲೇ ಅಪ್ಲಿಕೇಶನ್ ತಾನೇ ಎದ್ದು ಹಿಂದುಗಡೆ ಕಾಯುತ್ತಿರುವಂತೆಯೂ ಮಾಡಿದ.

“ಇನ್ಮೇಲೆ ನೀವು ಫೋನ್ ಮುಟ್ಟಂಗೇ ಇಲ್ಲ. ಬೆಳಿಗ್ಗೆ ತಿಂಡಿಗ್ಮುಂಚೆ ಒಂದ್ಸಲ, ಸಂಜೆ ಒಂದ್ಸಲ, ತಲೆನೋವು ಬಂದ್ರೆ ಇನ್ನೊಂದ್ಸಲ ಪಟ್ಟಿ ಕಟ್ಕೊಂಡು ಈ ಗುಂಡಿ ಒತ್ತಿ. ಎಲ್ಲಾ ಆಟೋಮೆಟಿಕ್. ಆಸ್ಪತ್ರೆಗೆ ಹೋಗ್ತದೆ. ನಂಬರ್ ಜಾಸ್ತಿ ಬಂದ್ರೆ ಅಲ್ಲಿಂದಾನೇ ನಿಮ್ಗೆ ಫೋನ್ ಬತ್ತದೆ.”

ನಯನ ತೋಳು ಚಾಚಲು ನಾಚಿಕೊಂಡು ಸೆರಗು ಎಳೆದುಕೊಂಡಳು. ಆಗ ಬಾಲರಾಜು, ಪರೀಕ್ಷೆಗೆ ಯಾರ ತೋಳಾದರೇನು ಎಂದು, ಅವಳ ತಾಯಿ ಪುಟ್ಟಗೌರಮ್ಮನ ತೋಳಿಗೆ ಪಟ್ಟಿ ಕಟ್ಟಿ ಗುಂಡಿ ಒತ್ತಿದ. ಪಟ್ಟಿ ಗುರ್ರೆಂದು ಉಬ್ಬಿತು, ಹಿಡಿಯಿತು, ಮೆಲ್ಲಗೆ ಸಡಿಲಿಸಿತು. ಅಂಕಿ ಮೂಡಿತು. ಫೋನು ಟಿಂವ್ ಎಂದಿತು. ಪುಟ್ಟಗೌರಮ್ಮನ ಮುಖ ಅರಳಿತು. ಕುರಿ ಮೇಯಿಸಿ, ಸೊಪ್ಪು ಕೊಯ್ದು, ಐವತ್ತು ವರ್ಷ ದುಡಿದ ಆ ತೋಳನ್ನು ಅಷ್ಟು ಅಕ್ಕರೆಯಿಂದ ಯಾರೂ ಹಿಡಿದಿರಲಿಲ್ಲ. ಇದೇ ಮುಂದೆ ಆದ ಫಜೀತಿಗೆಲ್ಲ ಮೂಲ. ಬಾಲರಾಜುವಿಗೆ ಅದು ತಿಳಿಯಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಂಬುಜಮ್ಮನವರಿಗೂ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ ಅವರಿಗೆ ಆಗ ಸಿಟ್ಟು ಬಂದಿತ್ತು. ಕಿವಿಗೆ ಕೊಳವೆ ಸಿಕ್ಕಿಸಿ, ನಾಡಿಯ ಸದ್ದು ಹುಟ್ಟುವುದನ್ನೂ ಅಡಗುವುದನ್ನೂ ಕೇಳಿ ಹೇಳುವ ತಮ್ಮ ಇಷ್ಟು ವರ್ಷದ ವಿದ್ಯೆಯನ್ನು ಒಂದು ಪ್ಲಾಸ್ಟಿಕ್ ಡಬ್ಬ ಟಿಂವ್ ಎಂದು ಮುಗಿಸಿಬಿಟ್ಟಿತಲ್ಲ ಎಂಬ ಹೊಟ್ಟೆಯುರಿ.

ಹದಿನೈದು ದಿನ ಎಲ್ಲ ಸರಿಯಾಗಿ ನಡೆಯಿತು. ನಯನಳಿಗೆ ಎಂಟನೇ ತಿಂಗಳು ಬಿತ್ತು. ಆಮೇಲೆ ಪಲ್ಸ್ ಪೋಲಿಯೋ ವಾರ ಬಂತು. ಆ ವಾರ ಬಂದರೆ ನರ್ಸಮ್ಮಂದಿರಿಗೆ ಊಟ ನಿದ್ದೆಗಳ ನೆನಪಿರುವುದಿಲ್ಲ. ಭಾನುವಾರ ಬೂತು, ಸೋಮವಾರದಿಂದ ಮನೆಮನೆ. ಅಂಬುಜಮ್ಮ ಆ ಐದು ದಿನ ಲಕ್ಕಯ್ಯನ ಮನೆ ಕಡೆ ತಲೆ ಹಾಕಲಿಲ್ಲ. ಮಿಷನ್ನು ಇದೆಯಲ್ಲ ಎಂದು ಒಂದು ಸಮಾಧಾನ ಬೇರೆ.

ಗುರುವಾರ ಹನ್ನೊಂದೂಕಾಲಿಗೆ ಬೆಂಗಳೂರಿನ ಆಸ್ಪತ್ರೆಯಿಂದ ಡಾಕ್ಟರಮ್ಮನ ಫೋನು ಬಂತು. ನಯನಳ ಹೆಸರಿನಲ್ಲಿ ಐದು ದಿನದಿಂದ ಒಂದೂ ಅಂಕಿ ಬಂದಿರಲಿಲ್ಲ, ಈಗ ಒಂದೇ ಏಟಿಗೆ ಇಪ್ಪತ್ತೇಳು ಬಂದಿವೆ, ಅದರಲ್ಲಿ ಮೇಲಿನದು ನೂರ ಎಪ್ಪತ್ತಾರೂ ಇದೆ, ಕೆಳಗಿನದು ನೂರ ಹತ್ತೂ ಇದೆ, ಕೂಡಲೇ ಹೋಗಿ ನೋಡಿ ಎಂದರು. ಬಾಲರಾಜು ರಾಮನಗರದಲ್ಲೇ ಇದ್ದಾನೆ, ಅವನನ್ನೂ ಕಳಿಸುತ್ತೇನೆ ಎಂದರು. ಅಂಬುಜಮ್ಮ ಕೈಯಲ್ಲಿದ್ದ ಪೋಲಿಯೋ ಪಟ್ಟಿಯನ್ನು ಅಲ್ಲೇ ಬಿಟ್ಟು ಮೊಪೆಡ್ ಹತ್ತಿದರು. ದಾರಿಯುದ್ದಕ್ಕೂ ಅವರ ಬಾಯಲ್ಲಿ ದೇವರ ಹೆಸರು. ಬಸುರಿಗೆ ಆ ಅಂಕಿ ಎಂದರೆ ಫಿಟ್ಸು. ಫಿಟ್ಸು ಎಂದರೆ ತಾಯಿಯೂ ಉಳಿಯಲಿಕ್ಕಿಲ್ಲ, ಮಗುವೂ ಉಳಿಯಲಿಕ್ಕಿಲ್ಲ. ಹಿಂದೆ ಅಂಥ ಒಬ್ಬಳನ್ನು ಅವರು ಎತ್ತಿನ ಗಾಡಿಯಲ್ಲೇ ಕಳೆದುಕೊಂಡಿದ್ದರು.

ಲಕ್ಕಯ್ಯನ ಮನೆಯಲ್ಲಿ ನೋಡಿದರೆ ಹಬ್ಬದ ವಾತಾವರಣ. ಜಗಲಿಯ ಮೇಲೆ ಕುರಿ ವ್ಯಾಪಾರದ ಪೀರ್ ಸಾಬ್ ಕಾಫಿ ಲೋಟ ಹಿಡಿದು ಕೂತಿದ್ದಾರೆ, ಇನ್ನೊಂದು ತೋಳಿಗೆ ಮಿಷನ್ನಿನ ಪಟ್ಟಿ. ಬಸುರಿ ನಯನ ಒಳಬಾಗಿಲಲ್ಲಿ ನಿಂತು ನಗುತ್ತಿದ್ದಾಳೆ.

“ಏನಿದು ಪುಟ್ಟಗೌರಮ್ಮ?” ಎಂದರು ಅಂಬುಜಮ್ಮ.

“ಬಾ ನರ್ಸಮ್ಮ, ಕೂತ್ಕೋ. ಪೀರಣ್ಣಂಗೆ ಬೀಪಿ ನೋಡ್ತಿದ್ದೆ. ಮನೇಗ್ ಬಂದೋರ್ಗೆ ಬರೀ ಕಾಫಿ ಕೊಟ್ ಕಳಿಸಕ್ಕಾಯ್ತದಾ? ಮಗ್ಳು ಬಸ್ರಿ ಅಂತ ಒಬ್ರು ಹೂವ ತತ್ತಾರೆ, ಒಬ್ರು ಚಿಗ್ಲಿ ಉಂಡೆ ತತ್ತಾರೆ. ಮನೇಲ್ ಮಿಷನ್ ಇಟ್ಕೊಂಡು ಒಂದ್ ಬೀಪಿ ನೋಡ್ನಿಲ್ಲ ಅಂದ್ರೆ ಏನಂದ್ಕೊತಾರೆ?”

ಅಂಬುಜಮ್ಮ ಉತ್ತರ ಕೊಡದೆ ಮೊದಲು ನಯನಳನ್ನು ಮಲಗಿಸಿ, ತಮ್ಮ ಪಾದರಸದ ಪೆಟ್ಟಿಗೆ ಬಿಚ್ಚಿ ನೋಡಿದರು. ನೂರ ಮೂವತ್ತೆಂಟು, ಎಂಬತ್ತೆಂಟು. ಸ್ವಲ್ಪ ಏರಿದೆ, ಆದರೆ ಹೆದರುವಂಥದ್ದಲ್ಲ. ಅವರ ಕೈಕಾಲಿಗೆ ಜೀವ ಬಂತು. ಜೀವ ಬಂದ ಮೇಲೆ ಕೋಪವೂ ಬಂತು. ಜಗಲಿಗೆ ಬಂದು ಪುಟ್ಟಗೌರಮ್ಮನನ್ನು ಚೆನ್ನಾಗಿ ಬೈದರು. ಪೀರ್ ಸಾಬ್ ಕಾಫಿ ಮುಗಿಸಿ ಮೆಲ್ಲಗೆ ಜಾರಿಕೊಂಡರು.

ಅಷ್ಟರಲ್ಲಿ ಲ್ಯಾಪ್‌ಟಾಪಿನ ಚೀಲ ಹೆಗಲಿಗೇರಿಸಿಕೊಂಡು ಬಾಲರಾಜು ಬಂದ. ವಿಷಯ ಕೇಳಿ ತಲೆ ಚಚ್ಚಿಕೊಂಡ. ಫೋನು ಎಲ್ಲಿತ್ತು ಎಂದು ವಿಚಾರಿಸಿದ. ಫೋನು ಲಕ್ಕಯ್ಯನ ಜೇಬಿನಲ್ಲಿತ್ತು. ಶನಿವಾರ ಮಧ್ಯಾಹ್ನ ಲಕ್ಕಯ್ಯ ಕುರಿ ಹೊಡೆದುಕೊಂಡು ದೂರದ ಊರಿಗೆ ಹೋಗಿದ್ದ. ಹೊಲಕ್ಕೆ ಗೊಬ್ಬರವಾಗಲೆಂದು ಹೊಲದವರು ಕುರಿ ಮಂದೆ ನಿಲ್ಲಿಸಲು ಕರೆಯುತ್ತಾರೆ. ನಾಲ್ಕೈದು ರಾತ್ರಿ ಮಂದೆ ಜೊತೆ ಅಲ್ಲೇ ಮಲಗಬೇಕು. ಆ ಫೋನಿನಲ್ಲಿ ಒಳ್ಳೆಯ ಟಾರ್ಚ್ ಇತ್ತು. ಮುಟ್ಟಂಗೇ ಇಲ್ಲ ಎಂದು ಇಂಜಿನಿಯರೇ ಹೇಳಿದ ಮೇಲೆ ಅದು ಮನೆಯಲ್ಲಿ ಸುಮ್ಮನೆ ಕೂತು ಮಾಡುವುದೇನು ಎಂದು ಅವನು ಜೇಬಿಗಿಳಿಸಿದ್ದ.

“ಆಯ್ತು ಬಿಡಿ, ಈಗ ಗೊತ್ತಾಯ್ತು ಮೇಡಂ,” ಎಂದ ಬಾಲರಾಜು ಅಂಬುಜಮ್ಮನವರಿಗೆ. “ಮಿಷನ್ನು ನೇರವಾಗಿ ಆಸ್ಪತ್ರೆಗೆ ಕಳ್ಸಲ್ಲ. ಬ್ಲೂಟೂತಲ್ಲಿ ಫೋನಿಗೆ ಕೊಡ್ತದೆ, ಫೋನು ಮೆಸೇಜ್ ಮಾಡಿ ಆಸ್ಪತ್ರೆಗೆ ಕಳಿಸ್ತದೆ. ಫೋನ್ ಹತ್ರದಲ್ಲಿ ಇಲ್ಲ ಅಂದ್ರೆ ಮಿಷನ್ನು ಒಸಿ ಹೊತ್ತು ಹುಡುಕಿ ಸುಮ್ನಾಯ್ತದೆ. ಆದ್ರೆ ಅಂಕಿ ಬಿಸಾಕಲ್ಲ, ದಿನ ಟೈಮು ಸಮೇತ ಒಳಗೇ ಇಟ್ಕೊಂಡಿರ್ತದೆ. ನಲವತ್ತರವರೆಗೂ ಹಿಡೀತದೆ. ಇವತ್ತು ಯಜಮಾನ್ರು ಫೋನ್ ತಂದ್ರು. ಪೀರ್ ಸಾಬ್ರಿಗೆ ಕಟ್ಟಿ ಗುಂಡಿ ಒತ್ತಿದ್ ತಕ್ಷಣ ಮಿಷನ್ನಿಗೆ ಅದರ ಜೋಡಿ ಫೋನು ಸಿಕ್ತು, ಯಾರನ್ನೂ ಕೇಳ್ದೆ ತಾನೇ ಸೇರ್ಕೊಂಡು, ಕೂಡಿಟ್ಟಿದ್ದೆಲ್ಲಾ ಒಂದೇ ಸಲ ಸುರೀತು. ಅದ್ರ ಕೆಲ್ಸ ಅದು ಸರ್ಯಾಗೇ ಮಾಡಿದೆ. ಊರಿನ ತೋಳೆಲ್ಲಾ ನಯನ ಅವ್ರ ಹೆಸರಿಗೆ ಬಿತ್ತು, ಅಷ್ಟೇ. ಡಾಕ್ಟರ್ಗೆ ಹೇಳಿ ಇಪ್ಪತ್ತೇಳನ್ನೂ ಅಳಿಸಿಬಿಡ್ತೀನಿ. ಕಸ.”

ಅಳಿಸುವುದೇ ಸರಿ ಎಂದು ಅಂಬುಜಮ್ಮನವರಿಗೂ ಅನ್ನಿಸಿತು. ಪೋಲಿಯೋ ಕೆಲಸ ಅರ್ಧಕ್ಕೆ ನಿಂತಿತ್ತು. ಎದ್ದು ಚಪ್ಪಲಿ ಮೆಟ್ಟಿದರು. ಮೆಟ್ಟಿದವರು ಮತ್ತೆ ಬಿಟ್ಟರು. ಯಾಕೆಂದು ಇವತ್ತಿಗೂ ಅವರಿಗೆ ಗೊತ್ತಿಲ್ಲ. ಡಾಕ್ಟರಮ್ಮ ಹೇಳಿದ ನೂರ ಹತ್ತು ಕಿವಿಯಲ್ಲೇ ಉಳಿದಿತ್ತು. ಮೇಲಿನ ಅಂಕಿ ಎಷ್ಟೇ ಇರಲಿ, ಕೆಳಗಿನದು ನೂರ ಹತ್ತು ಇರುವವರು ಈ ಊರಿನಲ್ಲಿ ಯಾರಿದ್ದಾರೆ? ಊರಿನ ಬೀಪಿಗಳೆಲ್ಲ ಅವರ ನಾಲಿಗೆಯ ತುದಿಯಲ್ಲೇ ಇದ್ದವು.

“ಬಾಲರಾಜು, ಅಳಿಸೋಕ್ಮುಂಚೆ ಒಂದ್ಸಲ ಓದಿ ಹೇಳಪ್ಪ. ಟೈಮ್ ಸಮೇತ ಹೇಳು. ಪುಟ್ಟಗೌರಮ್ಮ, ನೀನ್ ಇಲ್ಲಿ ಬಾ. ಯಾವ್ದು ಯಾರ್ದು ಅಂತ ಹೇಳ್ಬೇಕು.”

“ನಂಗೆ ಗಡಿಯಾರ ನೋಡಕ್ ಬರಲ್ವಲ್ಲ ನರ್ಸಮ್ಮ.”

“ನೀನ್ ಗಡಿಯಾರ ನೋಡೋದ್ ಬ್ಯಾಡ. ಯಾರ್ ಬಂದ್ರು ಹೇಳು, ಸಾಕು.”

ಹೀಗೆ ಆ ಜಗಲಿಯ ಮೇಲೆ ಒಂದು ವಿಚಿತ್ರ ಪಂಚಾಯಿತಿ ಶುರುವಾಯಿತು. ಬಾಲರಾಜು ಪರದೆ ನೋಡಿ ಓದುತ್ತಿದ್ದ. ಪುಟ್ಟಗೌರಮ್ಮ ಕಣ್ಣು ಮುಚ್ಚಿ ಯೋಚಿಸಿ ಹೇಳುತ್ತಿದ್ದಳು. ಅಂಬುಜಮ್ಮ ಬರೆದುಕೊಳ್ಳುತ್ತಿದ್ದರು.

“ಭಾನುವಾರ ಹನ್ನೊಂದೂವರೆ. ನೂರ ಇಪ್ಪತ್ತೆರಡು, ಎಪ್ಪತ್ತೆಂಟು.”

“ಅದು ಕರೀಮುನ್ನೀಸಾ. ರೇಷ್ಮೆ ಮಿಷನ್ ಮನೆಗೆ ರಜ ಅಂತ ಬಂದಿದ್ಲು. ಬೆಲ್ಲದ್ ಕಾಫಿ ಕುಡುದ್ಲು. ಎರಡ್ನೇ ಲೋಟ ಬ್ಯಾಡ ಅಂದ್ಲು.”

“ಸೋಮವಾರ ಸಂಜೆ ಐದು ಕಾಲು. ನೂರ ಅರವತ್ನಾಲ್ಕು, ತೊಂಬತ್ತೆಂಟು.”

“ಡೈರಿಗೆ ಹಾಲು ಹಾಕೋಕ್ಮುಂಚೆಯೋ ಆಮೇಲೋ?”

“ಡೈರಿ ಎಷ್ಟೊತ್ಗೆ?” ಎಂದು ಬಾಲರಾಜು ತಬ್ಬಿಬ್ಬಾದ.

“ಐದೂವರೆಗೆ. ಹಂಗಾದ್ರೆ ಮುಂಚೆ,” ಎಂದರು ಅಂಬುಜಮ್ಮ.

“ಮುಂಚೆ ಅಂದ್ರೆ ರಾಮಲಿಂಗಯ್ಯ. ಕಾಫಿ ಬ್ಯಾಡ ಅಂದು ಮಜ್ಜಿಗೆ ಕುಡ್ದ. ಉಪ್ಪು ಕೇಳಿ ಹಾಕುಸ್ಕೊಂಡ.”

ರಾಮಲಿಂಗಯ್ಯನಿಗೆ ಬೀಪಿ ಇರುವುದು ಊರಿಗೇ ಗೊತ್ತು. ನೂರ ಎಪ್ಪತ್ತಾರು, ನೂರು ಪೀರ್ ಸಾಬರದು ಎಂದು ಗೊತ್ತಾಯಿತು. ಮುನಿಶಾಮಯ್ಯನ ಹೆಂಡತಿ, ಅವಳ ಅತ್ತೆ, ಚಿಗಳಿ ತಂದ ಸೋದರತ್ತೆ, ಬಳೆ ತೊಡಿಸಲು ಬಂದವಳು, ಎರಡು ಸಲ ಪುಟ್ಟಗೌರಮ್ಮನೇ. ಹದಿನಾಲ್ಕು ತೋಳಿಗೂ ಅವಳು ಒಡೆಯರನ್ನು ಹುಡುಕಿಕೊಟ್ಟಳು; ಯಾರು ಏನು ಉಟ್ಟಿದ್ದರು, ಯಾರು ಲೋಟದ ತಳದಲ್ಲಿ ಬಿಟ್ಟರು ಎಂಬುದನ್ನೂ ಬಿಡದೆ. ಅಕ್ಷರ ಬಾರದವಳ ಆ ನೆನಪನ್ನು ನೋಡಿ ಬಾಲರಾಜು ಮಿಷನ್ನಿನ ಮಾತೇ ಮರೆತ. ದಿನಕ್ಕೆರಡರಂತೆ ನಯನಳ ಹತ್ತು ಬೇರೆ. ಅವೆಲ್ಲ ನೂರ ಇಪ್ಪತ್ತೆಂಟರಿಂದ ನೂರ ಮೂವತ್ತಾರರ ಒಳಗಿದ್ದವು. ಹದಿನಾಲ್ಕು, ಹತ್ತು, ಇಪ್ಪತ್ನಾಲ್ಕಾಯಿತು. ಮೂರು ಉಳಿದವು.

“ಸೋಮವಾರ ಬೆಳಗಿನ ಜಾವ ಐದು ಹತ್ತು. ನೂರ ಐವತ್ತೆಂಟು, ನೂರ ನಾಲ್ಕು,” ಎಂದು ಓದಿದ ಬಾಲರಾಜು.

ಪುಟ್ಟಗೌರಮ್ಮ ಕಣ್ಣು ತೆರೆದಳು. “ಗಾರ್ಮೆಂಟ್ಸ್ ಬಸ್ಸಿಗೂ ಮುಂಚೆನಾ? ಅಷ್ಟೊತ್ಗೆ ಯಾರ್ ಬತ್ತಾರೆ? ಒಲೆ ಹತ್ತಿರಲ್ಲ.”

“ಮಂಗಳವಾರ ಐದಕ್ಕೆ ಐದು ನಿಮಿಷ ಇದೆ ಅನ್ನೋವಾಗ. ನೂರ ಅರವತ್ತೆರಡು, ನೂರ ಎಂಟು. ಬುಧವಾರ ಐದು ಗಂಟೆ ಐದು ನಿಮಿಷ. ನೂರ ಅರವತ್ತೆಂಟು, ನೂರ ಹತ್ತು.”

ಆ ಹೊತ್ತಿಗೆ ಆ ಮನೆಯಲ್ಲಿ ಕಾಫಿ ಕುಡಿದವರು ಯಾರೂ ಇರಲಿಲ್ಲ. ಲಕ್ಕಯ್ಯ ಮಂದೆಯ ಹತ್ತಿರವಿದ್ದ. ಮನೆಯಲ್ಲಿದ್ದವರು ಇಬ್ಬರೇ. ಅಂಬುಜಮ್ಮ ತಿರುಗಿ ಒಳಬಾಗಿಲ ಕಡೆ ನೋಡಿದರು. ನಯನ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

“ನಯನ, ಬೆಳಗಿನ್ಜಾವ ಕಟ್ಕೊಂಡಿದ್ದು ನೀನೇನವ್ವ?”

ಅವಳು ಹೌದೆಂದು ತಲೆಯಾಡಿಸಿದಳು. “ತಲೆ ಸಿಡ್ದೋಗಂಗೆ ನೋಯ್ತಿತ್ತು ನರ್ಸಮ್ಮ. ಕಣ್ಮುಂದೆ ಮಿಣಮಿಣ ಅನ್ನದು. ತಲೆನೋವ್ ಬಂದ್ರೆ ಕಟ್ಕೋ ಅಂದಿದ್ರಲ್ಲ ಸಾರು, ಕಟ್ಕೊಂಡೆ. ದೊಡ್ ನಂಬರ್ ಬಂತು. ಆಸ್ಪತ್ರೆಯಿಂದ ಫೋನ್ ಬತ್ತದೆ ಅಂತ ಕಾಯ್ತಾ ಇದ್ದೆ. ಅಪ್ಪನ್ ಹತ್ರ ಇತ್ತಲ್ಲ ಫೋನು, ಬಂದ್ರೆ ಹೇಳಿ ಕಳಿಸ್ತಾರೆ ಅಂದ್ಕೊಂಡೆ. ಬರ್ನಿಲ್ಲ. ಬರ್ನಿಲ್ಲ ಅಂದ್ಮೇಲೆ ಏನೂ ಇಲ್ಲ ಅಂತ್ಲೇ ಅಲ್ವಾ? ಬಿಸ್ಲು ಬಂದ್ಮೇಲೆ ಕಟ್ಕೊಂಡ್ರೆ ನಂಬರ್ ಇಳ್ದಿರದು. ಇವತ್ತೂ ಜಾವದಲ್ಲಿ ನೋವಿತ್ತು. ಯಾರೂ ಕೇಳ್ದೆ ಇದ್ಮೇಲೆ ಯಾಕೆ ಅಂತ ಕಟ್ಕೊಳ್ನಿಲ್ಲ.”

ಬಾಲರಾಜು ಲ್ಯಾಪ್‌ಟಾಪ್ ಮುಚ್ಚಿಟ್ಟ. ಎಲ್ಲಾ ಆಟೋಮೆಟಿಕ್ ಎಂದು ಹೇಳಿ ಹೋದವನು ಅವನೇ. ಫೋನು ಹತ್ತಿರವಿರದಿದ್ದರೆ ಏನೂ ಹೋಗುವುದಿಲ್ಲ ಎಂದು ಹೇಳಬೇಕೆಂದು ಅವನಿಗೆ ತೋಚಿರಲಿಲ್ಲ. ಅವನ ಮುಖ ನೋಡಲು ಆಗುತ್ತಿರಲಿಲ್ಲ.

ಅಂಬುಜಮ್ಮ ಕೂತು ಮರುಗುವವರಲ್ಲ. ಚೀಲದಿಂದ ಗಾಜಿನ ಕೊಳವೆ ತೆಗೆದು ನಯನಳನ್ನು ಹಿತ್ತಲಿಗೆ ಕಳಿಸಿದರು. ಅವಳು ಮೂತ್ರ ತುಂಬಿಸಿ ತಂದುಕೊಟ್ಟ ಕೊಳವೆಯನ್ನು ಸ್ಪಿರಿಟ್ ದೀಪದ ಮೇಲೆ ಓರೆಯಾಗಿ ಹಿಡಿದು ಕಾಯಿಸಿದರು. ಮೇಲ್ಭಾಗ ಬೆಳ್ಳಗೆ ಮೊಟ್ಟೆಯ ಲೋಳೆಯಂತೆ ಗಟ್ಟಿಯಾಯಿತು. ಎರಡು ಹನಿ ಆಸಿಡ್ ಹಾಕಿದರೂ ಬಿಳುಪು ಕರಗಲಿಲ್ಲ. ಮೂತ್ರದಲ್ಲಿ ಅಲ್ಬುಮಿನ್ ಹೋಗುತ್ತಿತ್ತು, ಫಿಟ್ಸಿನ ಮುನ್ಸೂಚನೆ. ಮತ್ತೊಮ್ಮೆ ಪಟ್ಟಿ ಕಟ್ಟಿ ನೋಡಿದರೆ ಆಗಲೇ ನೂರ ಐವತ್ತು, ನೂರು. ಡಾಕ್ಟರಮ್ಮನಿಗೆ ಫೋನು ಮಾಡಿ ಮೂರೇ ಮಾತಿನಲ್ಲಿ ಹೇಳಿದರು. ಆ ಕಡೆ ಹೊಸದಾಗಿ ಶುರುವಾಗಿದ್ದ ನೂರೆಂಟರ ಆಂಬುಲೆನ್ಸಿಗೆ ಬಾಲರಾಜು ಫೋನು ಮಾಡಿ ದಾರಿ ಹೇಳಿದ.

ಆಂಬುಲೆನ್ಸಿನಲ್ಲಿ ನಯನಳ ತಲೆಯ ಬಳಿ ಅಂಬುಜಮ್ಮ, ಕಾಲ ಬಳಿ ಪುಟ್ಟಗೌರಮ್ಮ. ಬಿಡದಿ ದಾಟಿದ ಮೇಲೆ ಪುಟ್ಟಗೌರಮ್ಮ ಮಗಳ ಪಾದವನ್ನು ಹಿಡಿದುಕೊಂಡೇ ಹೇಳಿದಳು:

“ಊರೋರು ಯಾವತ್ತು ಬಂದ್ರು, ಏನ್ ಕುಡುದ್ರು, ಎಲ್ಲಾ ಗೊತ್ತಿತ್ತು ಕಣ್ ನರ್ಸಮ್ಮ. ಇವ್ಳು ನನ್ ಮಗ್ಗುಲಲ್ಲೇ ಮಲ್ಗಿದ್ಲು. ಮೂರ್ ದಿನ ಎದ್ದು ಒಬ್ಳೇ ಕೂತವ್ಳೆ. ಅದೊಂದು ನಂಗೆ ಗೊತ್ತಾಗ್ನಿಲ್ಲ.”

ಐದು ದಿನ ಆ ಕಡೆ ತಲೆ ಹಾಕದ ಅಂಬುಜಮ್ಮ ಯಾವ ಬಾಯಲ್ಲಿ ಸಮಾಧಾನ ಹೇಳುವುದು? ಪುಟ್ಟಗೌರಮ್ಮನ ಭುಜದ ಮೇಲೆ ಕೈಯಿಟ್ಟು ಕೂತರು. ಅಂಬುಜಮ್ಮನವರೂ ಅತ್ತರು, ಅದನ್ನು ಅವರು ಈಗಲೂ ಮುಚ್ಚಿಡುವುದಿಲ್ಲ.

ಆಸ್ಪತ್ರೆಯಲ್ಲಿ ಫಿಟ್ಸ್ ಬರದಂತೆ ಇಂಜೆಕ್ಷನ್ ಕೊಟ್ಟು ಎರಡು ದಿನ ಕಾದರು. ಮೂರನೇ ದಿನ ಕಾಯುವಂತಿರಲಿಲ್ಲ, ಆಪರೇಷನ್ ಮಾಡಿದರು. ಒಂದು ಕಿಲೋ ಏಳುನೂರು ಗ್ರಾಮಿನ ಹೆಣ್ಣುಮಗು. ಮೂರು ವಾರ ಗಾಜಿನ ಪೆಟ್ಟಿಗೆಯಲ್ಲಿತ್ತು. ತಾಯಿಯೂ ಉಳಿದಳು, ಮಗುವೂ ಉಳಿಯಿತು. ಒಂದು ದಿನ ತಡವಾಗಿದ್ದರೆ ಹೀಗೆ ಹೇಳಲು ಆಗುತ್ತಿರಲಿಲ್ಲ ಎಂದು ಡಾಕ್ಟರಮ್ಮ ಅಂಬುಜಮ್ಮನವರಿಗೆ ಹೇಳಿದರು. ಬಾಲರಾಜು ಮುಂದಿನ ವಾರವೇ ಹನ್ನೆರಡು ಮನೆಗೂ ಹೋಗಿ, ಮಿಷನ್ನೂ ಫೋನೂ ಒಂದೇ ಕೋಣೆಯಲ್ಲಿರಬೇಕು, ಫೋನು ಟಿಂವ್ ಎಂದರೆ ಮಾತ್ರ ಅಂಕಿ ತಲುಪಿದ ಹಾಗೆ ಎಂದು ಹೇಳಿಬಂದ. ಒಂದು ದಿನ ಅಂಕಿ ಬರದಿದ್ದರೆ ಆಸ್ಪತ್ರೆಯವರೇ ವಿಚಾರಿಸುವಂತೆಯೂ ಮಾಡಿಸಿದ. ವರ್ಷ ಕಳೆಯುವುದರೊಳಗೆ ಪ್ರಯೋಗವೇ ನಿಂತಿತು. ಎಲ್ಲ ಪ್ರಯೋಗಗಳ ಹಣೆಬರಹ ಅಷ್ಟೇ.

ಬಾಣಂತನದ ಐದು ತಿಂಗಳೂ ಪುಟ್ಟಗೌರಮ್ಮ, ಗಡಿಯಾರ ನೋಡಲು ಬಾರದಿದ್ದರೂ, ಬೆಳಗಿನ ಜಾವ ಐದಕ್ಕೇ ಎದ್ದು, ಮಗಳನ್ನು ಮುಟ್ಟಿ, “ತಲೆ ನೋಯ್ತೈತೇನವ್ವ?” ಎಂದು ಕೇಳುತ್ತಿದ್ದಳು. ಬೀಪಿ ಇಳಿದು ಎಷ್ಟೋ ದಿನವಾಗಿದೆ, ಮಲಗಲು ಬಿಡು ಎಂದು ಅಂಬುಜಮ್ಮ ಗದರಿಸಿದರೂ ಕೇಳಲಿಲ್ಲ. ನಯನ ಬಿಡದಿಯ ಗಂಡನ ಮನೆಗೆ ಹೋದ ಮೇಲೆ ಮುಟ್ಟಲು ಆಗುತ್ತಿರಲಿಲ್ಲ. ಅದಕ್ಕೆ ಒಂದು ದಾರಿ ಕಂಡುಕೊಂಡಳು. ಐದಕ್ಕೆ ಸರಿಯಾಗಿ ಮಗಳ ಫೋನಿಗೆ ಒಂದು ಮಿಸ್ಡ್ ಕಾಲ್ ಕೊಡುವುದು. ನಯನ ತಿರುಗಿ ಒಂದು ಮಿಸ್ಡ್ ಕಾಲ್ ಕೊಟ್ಟರೆ ತಲೆ ನೋವಿಲ್ಲ ಎಂದು ಅರ್ಥ. ಆಮೇಲೇ ಒಲೆ ಹಚ್ಚುವುದು. ಎಷ್ಟು ವರ್ಷ ಹಾಗೆ ನಡೆಯಿತೋ ಅಂಬುಜಮ್ಮನವರಿಗೆ ಲೆಕ್ಕವಿಲ್ಲ. ಅವರಿಗೆ ವರ್ಗವಾಯಿತು, ನಿವೃತ್ತಿಯಾಯಿತು, ಕೂಟಗಲ್ಲಿನ ದಾರಿ ದೂರವಾಯಿತು.

ಹೋದ ವರ್ಷ ದೊಡ್ಡಮಳೂರಿನ ಗುಡಿಯ ಹೊರಗೆ ಚಪ್ಪಲಿ ಬಿಡುತ್ತಿದ್ದಾಗ ಯಾರೋ ಕಾಲಿಗೆ ಬಿದ್ದರು. ನೋಡಿದರೆ ನಯನ. ಕೂದಲು ಅಲ್ಲಲ್ಲಿ ನರೆತಿತ್ತು. ಪಕ್ಕದಲ್ಲಿ ತಾಯಿಗಿಂತ ಎತ್ತರದ ಹುಡುಗಿ.

“ಇವ್ಳೇ ನರ್ಸಮ್ಮ, ಭಾನುಪ್ರಿಯ. ಗಾಜಿನ್ ಪೆಟ್ಗೆಲಿ ಇದ್ಲಲ್ಲ.”

ಅಂಬುಜಮ್ಮ ಆ ಹುಡುಗಿಯ ಎರಡೂ ಕೈಗಳನ್ನು ಹಿಡಿದು ನೋಡಿದರು. ಅಂದು ಅವರ ಹೆಬ್ಬೆರಳಿನಷ್ಟು ದಪ್ಪವಿದ್ದ ತೋಳು. ಆಮೇಲೆ ಪುಟ್ಟಗೌರಮ್ಮನನ್ನು ವಿಚಾರಿಸಿದರು.

“ಅವ್ವ ಹೋಗಿ ನಾಕ್ ವರ್ಷ ಆಯ್ತು,” ಎಂದಳು ನಯನ. “ಹೋದ ದಿನಾನೂ ಐದಕ್ಕೆ ಮಿಸ್ಡ್ ಕಾಲ್ ಕೊಟ್ಟಿದ್ಲು. ನಾನೂ ಕೊಟ್ಟಿದ್ದೆ. ಮಧ್ಯಾಹ್ನ ಹಿತ್ಲಲ್ಲಿ ಕೂತಂಗೇ ಹೋದ್ಲು.”

ಭಾನುಪ್ರಿಯ ಹೂವಿನವಳ ಹತ್ತಿರ ಹೋದಳು.

“ಈಗ್ಲೂ ಐದಕ್ಕೆ ಎಚ್ರ ಆಯ್ತದೆ ನರ್ಸಮ್ಮ,” ಎಂದಳು ನಯನ. “ಫೋನ್ ಕೈಲ್ ಹಿಡ್ಕೊಂಡು ಒಸಿ ಹೊತ್ತು ಕೂತಿರ್ತೀನಿ. ಬರಲ್ಲ ಅಂತ ಗೊತ್ತು.”

“ಆಮೇಲೆ ಏನ್ ಮಾಡ್ತೀಯವ್ವ?”

“ಇವ್ಳ್ ಮಗ್ಗುಲಿಗ್ ಹೋಗಿ, ತಲೆ ನೋಯ್ತೈತೇನವ್ವ ಅಂತ ಕೇಳ್ತೀನಿ. ನಿದ್ದೆಗಣ್ಣಲ್ಲೇ ಬೈತಾಳೆ. ಬೈದ್ಲು ಅಂದ್ರೆ ಸರಿ, ಎದ್ದು ಒಲೆ ಹಚ್ತೀನಿ.”